ಮಂಜುನಾಥ ಕೆ.ಆರ್. ಜರ್ಮನಿಗೆ ಬಂದಾಗ

ನಮ್ಮ ತುಮಕೂರು ಕಡೆ ಹೆಸರಿಗೆ ಇನಿಶಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಊರಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ತೊಂದರೆ ಶುರುವಾಗುವುದು ಪಾಸ್‌ಪೋರ್ಟ್ ಅರ್ಜಿಯಲ್ಲಿ. ಅಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು.

ಗುಬ್ಬಿ ಕಡೆಯಿಂದ ಇಲ್ಲಿಗೆ, ಜರ್ಮನಿಗೆ ಬಂದ ಒಬ್ಬ ಹುಡುಗನ ಕತೆ ಹೇಳುತ್ತೇನೆ. ಹೆಸರು, ಊರು ಎರಡನ್ನೂ ಬದಲಿಸಿದ್ದೇನೆ. ಮಂಜುನಾಥ ಕೆ.ಆರ್. ಅಂತಿಟ್ಟುಕೊಳ್ಳಿ. ಕೆ ಅಂದರೆ ಕಡಬ, ಊರು. ಆರ್ ಅಂದರೆ ರಂಗಯ್ಯ, ಅಪ್ಪ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ MANJUNATHA K R. ಡಿಗ್ರಿಯಲ್ಲಿ ಕೊನೆಯ A ಬಿದ್ದುಹೋಗಿ MANJUNATH K R. ಬ್ಯಾಂಕಿನಲ್ಲೂ ಹಾಗೇ. ಪಾಸ್‌ಪೋರ್ಟ್ ಅರ್ಜಿ ತುಂಬಿಕೊಟ್ಟ ಸೈಬರ್ ಸೆಂಟರಿನವರು ಎರಡೂ ಇನಿಶಿಯಲ್ ಬಿಡಿಸಿ ಸರ್‌ನೇಮ್ ಜಾಗಕ್ಕೆ ಹಾಕಿಬಿಟ್ಟರು. ಪಾಸ್‌ಪೋರ್ಟಿನ ಫೋಟೋ ಪುಟದ ಅಡಿಯಲ್ಲಿರುವ ಎರಡು ಸಾಲುಗಳಲ್ಲಿ ಮೊದಲನೆಯದು ಹೀಗಾಯಿತು:

```
P<INDKADABA<RANGAIAH<<MANJUNATHA<<<<<<<<<<<<
```

ಇದನ್ನು ಓದುವುದು ಸುಲಭ. IND ಆದ ಮೇಲೆ, ಎರಡು ಬಾಣದ ಗುರುತಿಗೆ ಮೊದಲು ಬರುವುದೆಲ್ಲ ಸರ್‌ನೇಮ್. ಒಂದೇ ಗುರುತು ಇದ್ದರೆ ಅದು ಬರೀ ಖಾಲಿ ಜಾಗ. ಹೊರದೇಶದ ಕಚೇರಿಗಳು ನಿಮ್ಮನ್ನು ಗುರುತಿಸುವುದು ಈ ಪಾಸ್‌ಪೋರ್ಟಿನ ಹೆಸರಿನಿಂದ, ಅಂಕಪಟ್ಟಿಯಿಂದಲ್ಲ. ಹಾಗಾಗಿ ಮಂಜು ಇಲ್ಲಿ ಮಿಸ್ಟರ್ ಕಡಬ ರಂಗಯ್ಯ. ಊರೂ ಅಪ್ಪನೂ ಸೇರಿ ಅವನಾದರು!

ಇನ್ನೂ ಪಾಸ್‌ಪೋರ್ಟ್ ಮಾಡಿಸದವರಿಗೆ ನನ್ನ ಮಾತು ಇಷ್ಟೇ: ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರೊಂದೇ ಸಾಕು, ಊರು ಬೇಡ. ಅದನ್ನು ಖಾಲಿ ಮಾತ್ರ ಬಿಡಬೇಡಿ. ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ FNU ಅಂತ ಬರುತ್ತದೆ. ಹೆಸರು ಗೊತ್ತಿಲ್ಲ ಅನ್ನುವುದಕ್ಕೆ ಅವರ ಗುರುತು ಅದು. ರಂಗಯ್ಯ ಅನ್ನುವುದನ್ನು RANGAIAH ಬರೆಯಬೇಕೋ RANGAYYA ಬರೆಯಬೇಕೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಪ್ಪನ ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಹಾಕಿ.

ಮಂಜು ಪಾಸ್‌ಪೋರ್ಟ್ ಆಗಲೇ ಬಂದಿತ್ತು, ವೀಸಾ ಕೂಡ ಅದರ ಮೇಲೇ ಆಗಿತ್ತು. ಅಂಥ ಹೊತ್ತಲ್ಲಿ ಪಾಸ್‌ಪೋರ್ಟ್ ಮುಟ್ಟಬಾರದು, ಉಳಿದದ್ದನ್ನು ಅದರ ಕಡೆಗೆ ತರಬೇಕು. ಕೆಲಸದ ಕಾಂಟ್ರಾಕ್ಟ್ ಸಹಿಗೆ ಬರುವ ಮೊದಲೇ ಪಾಸ್‌ಪೋರ್ಟ್ ಪುಟ ಕಳಿಸಿ, ಇದರಂತೆ ಬರೆಯಿರಿ ಅಂತ ಕೇಳಬೇಕಿತ್ತು. ಅವನು ರೆಸ್ಯೂಮೆಯಲ್ಲಿ Manjunath K R ಅಂತ ಬರೆದಿದ್ದ, ಕಂಪನಿ ಅದನ್ನೇ ಎತ್ತಿಕೊಂಡಿತು. ಆಮೇಲೆ ಸರಿಮಾಡಿಸಲು ಮೂರು ವಾರ ಹಿಡಿಯಿತು.

ಡಿಗ್ರಿಗೂ ಪಾಸ್‌ಪೋರ್ಟಿಗೂ ಇರುವ ವ್ಯತ್ಯಾಸಕ್ಕೆ ತುಮಕೂರಿನಲ್ಲೇ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದ. ಈ ಹೆಸರುಗಳೆಲ್ಲ ಒಬ್ಬನವೇ ಅಂತ ಪ್ರತಿ ದಾಖಲೆಯನ್ನೂ ಅದರ ಸ್ಪೆಲ್ಲಿಂಗ್ ಸಮೇತ ಬರೆಸಬೇಕು. ಸುಮ್ನೆ 'ಹೆಸರು ಸ್ವಲ್ಪ ಬೇರೆ ಇದೆ' ಅಂದರೆ ಪ್ರಯೋಜನವಿಲ್ಲ. ಆದರೆ ಅಫಿಡವಿಟ್ ವ್ಯತ್ಯಾಸ ಯಾಕೆ ಅಂತ ವಿವರಿಸುತ್ತದೆ ಅಷ್ಟೇ, ದಾಖಲೆಯನ್ನು ತಿದ್ದುವುದಿಲ್ಲ. ಅಂಕಪಟ್ಟಿಯನ್ನೇ ತಿದ್ದಿಸಬೇಕೆಂದರೆ ಓದಿದ ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ಹೋಗಿ ದಾಖಲಾತಿ ರಿಜಿಸ್ಟರ್‌ನಿಂದ ಶುರುಮಾಡಬೇಕು. ಇಲ್ಲಿಂದ ಕೂತು ಆಗುವ ಕೆಲಸವಲ್ಲ ಅದು.

ಹುಟ್ಟಿದ ಊರಿನ ಬಗ್ಗೆಯೂ ಜನ ಗಾಬರಿಯಾಗುತ್ತಾರೆ. 2014ರ ನವೆಂಬರ್ 1ರಿಂದ Tumkur ಅನ್ನುವುದು Tumakuru ಆಯಿತಲ್ವಾ, ಹಳೇ ಪಾಸ್‌ಪೋರ್ಟಿನಲ್ಲಿ ಹಳೆಯದೇ ಇರುತ್ತದೆ. ಫಾರಂ ತುಂಬುವಾಗ ಪಾಸ್‌ಪೋರ್ಟಿನಲ್ಲಿ ಇದ್ದಂತೆ ಬರೆಯಿರಿ.

ಇನ್ನು ಬ್ಯಾಂಕ್. ಯೂರೋ ದೇಶಗಳಲ್ಲಿ 2025ರ ಅಕ್ಟೋಬರ್ 9ರಿಂದ, ದುಡ್ಡು ಕಳಿಸುವಾಗ ಖಾತೆ ನಂಬರಿಗೂ ಹೆಸರಿಗೂ ಹೊಂದುತ್ತದೆಯೇ ಅಂತ ಬ್ಯಾಂಕ್ ನೋಡಿ ಹೇಳಲೇಬೇಕು. ಮಂಜು ಖಾತೆ ಪಾಸ್‌ಪೋರ್ಟ್ ಹೆಸರಲ್ಲಿತ್ತು. ಗೆಳೆಯ Manjunath K R ಅಂತ ಹಾಕಿ ದುಡ್ಡು ಕಳಿಸಲು ಹೋದಾಗ ಹೆಸರು ಹೊಂದುತ್ತಿಲ್ಲ ಅಂತ ಎಚ್ಚರಿಕೆ ಬಂತು. ಮುಂದುವರಿಸಬಹುದಿತ್ತು, ಆದರೆ ಗೆಳೆಯ ಹೆದರಿ ನಿಲ್ಲಿಸಿದ. ನಿಮ್ಮ ಖಾತೆ ಹೆಸರನ್ನು ಕಾರ್ಡಿನಿಂದಲ್ಲ, ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ನೋಡಿ ಬೇರೆಯವರಿಗೆ ಕೊಡಿ. ಕಾರ್ಡಿನಲ್ಲಿ ಜಾಗ ಸಾಲದೆ ಹೆಸರು ಮೊಟಕಾಗಿರಬಹುದು.

ಎಲ್ಲಕ್ಕಿಂತ ಜಾಸ್ತಿ ಗೋಳು ಹೊಯ್ದುಕೊಂಡಿದ್ದು ಅಂಚೆ ಡಬ್ಬ. ಇಲ್ಲಿನ ಅಪಾರ್ಟ್‌ಮೆಂಟಿನಲ್ಲಿ ಪೋಸ್ಟ್‌ಮ್ಯಾನ್ ಫ್ಲ್ಯಾಟ್ ನಂಬರ್ ನೋಡುವುದಿಲ್ಲ, ಡಬ್ಬದ ಮೇಲಿನ ಹೆಸರು ನೋಡುತ್ತಾನೆ. ಮಂಜು ಅಲ್ಲಿ Manjunath ಅಂತ ಚೀಟಿ ಅಂಟಿಸಿದ್ದ. ಕಡಬ ರಂಗಯ್ಯನಿಗೆ ಬಂದ ಬ್ಯಾಂಕಿನ ಪಿನ್ ಕಾಗದ ಎರಡು ಸಲ ವಾಪಸ್ ಹೋಯಿತು. ಮೂರನೇ ಸಲಕ್ಕೆ ಎರಡೂ ಹೆಸರು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆವು. ಮರುವಾರ ಪಿನ್ ಬಂತು.