ಪ್ರೀತಿಯ ಪ್ರಶ್ನೆಗೆ ಅದೃಷ್ಟಚಕ್ರ ಬಿದ್ದಾಗ ನಾನು ಓದುವ ಬಗೆ

ಟ್ಯಾರೋ ಎಂಬ 78 ಚಿತ್ರದ ಕಾರ್ಡುಗಳ ಓದಿನಲ್ಲಿ ಪ್ರೀತಿಯ ಪ್ರಶ್ನೆಗೆ ವೀಲ್ ಆಫ್ ಫಾರ್ಚೂನ್, ಅಂದರೆ ಅದೃಷ್ಟಚಕ್ರದ ಕಾರ್ಡು, ಬಿದ್ದರೆ ಕೇಳಲು ಬಂದವರ ಮುಖ ಅರಳುತ್ತದೆ. "ಅದೃಷ್ಟದ ಕಾರ್ಡ್ ಅಲ್ವಾ? ಹಾಗಾದ್ರೆ ಅವರು ವಾಪಸ್ ಬರ್ತಾರೆ ತಾನೆ?" ಇದಕ್ಕೆ ನಾನು ಹೌದು ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. ಮೊದಲು ಕಾರ್ಡನ್ನು ಅವರ ಕಡೆಗೆ ತಿರುಗಿಸಿಟ್ಟು, ಚಿತ್ರದಲ್ಲಿ ಏನೇನಿದೆ ಎಂದು ಅವರಿಂದಲೇ ಹೇಳಿಸುತ್ತೇನೆ.

ನಾನು ಬಳಸುವುದು 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ, ಗೂಢವಿದ್ಯೆಯ ಲೇಖಕ ವೇಟ್ ಯೋಜಿಸಿ ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರಗಳ ಡೆಕ್. ಈ ಕಾರ್ಡಿನ ನಡುವೆ ಒಂದು ಚಕ್ರ. ಎಡಗಡೆ ಕೆಳಗಿಳಿಯುವ ಹಾವು, ಬಲಗಡೆ ಮೇಲೇರುವ ನರಿಮುಖದ ಆಕೃತಿ, ನೆತ್ತಿಯ ಮೇಲೆ ಕತ್ತಿ ಹಿಡಿದು ಕುಳಿತ ಸ್ಫಿಂಕ್ಸ್. ನಾಲ್ಕು ಮೂಲೆಗಳಲ್ಲಿ ರೆಕ್ಕೆಯುಳ್ಳ ನಾಲ್ಕು ಜೀವಿಗಳು ಪುಸ್ತಕ ಹಿಡಿದು ಕುಳಿತಿವೆ. ಚಿತ್ರದಲ್ಲಿ ಜೋಡಿ ಎಲ್ಲೂ ಇಲ್ಲ. ಲವರ್ಸ್ ಕಾರ್ಡಿನಲ್ಲಿ ಇಬ್ಬರು ನಿಂತಿದ್ದಾರೆ, ಟೂ ಆಫ್ ಕಪ್ಸ್‌ನಲ್ಲಿ ಇಬ್ಬರು ಬಟ್ಟಲು ಹಿಡಿದು ಎದುರುಬದುರಾಗಿದ್ದಾರೆ. ಇಲ್ಲಿ ಕಾಣುವುದು ಏರುವುದು, ಇಳಿಯುವುದು, ಎರಡೂ ಒಂದೇ ಹೊತ್ತಿಗೆ.

ಇದು ನಾನು ಹೊಸದಾಗಿ ಹಚ್ಚಿದ ಅರ್ಥವಲ್ಲ. 15ನೇ ಶತಮಾನದಲ್ಲಿ ಮಿಲಾನಿನ ವಿಸ್ಕಾಂಟಿ-ಸ್ಫೋರ್ಜಾ ಮನೆತನಕ್ಕಾಗಿ ಕೈಯಲ್ಲೇ ಬರೆದ ಕಾರ್ಡುಗಳಲ್ಲಿ ಚಕ್ರದ ಸುತ್ತ ನಾಲ್ವರಿದ್ದಾರೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಅದೃಷ್ಟದೇವಿ ನಡುವೆ ಇದ್ದಾಳೆ. ಆ ನಾಲ್ವರಿಗೆ ಯೂರೋಪಿನ ಹಳೆಯ ಚಿತ್ರಗಳಲ್ಲಿ ಸೇರಿಕೊಂಡು ಬಂದ ಲ್ಯಾಟಿನ್ ಮಾತುಗಳಿವೆ: ಆಳಲಿದ್ದೇನೆ, ಆಳುತ್ತಿದ್ದೇನೆ, ಆಳಿದ್ದೆ, ರಾಜ್ಯವಿಲ್ಲದವನು. ಜಾತ್ರೆಯಲ್ಲಿ ತಿರುಗುವ ತೊಟ್ಟಿಲನ್ನು ನೆನೆಸಿಕೊಂಡರೆ ಸಾಕು. "ತೊಟ್ಟಿಲು ತಿರುಗುತ್ತಿದೆ" ಎಂದಷ್ಟೇ ಹೇಳಿದರೆ ಕೂತವರಿಗೆ ಅದರಿಂದ ಏನೂ ತಿಳಿಯದು. ಅವರು ಯಾವ ಪೆಟ್ಟಿಗೆಯಲ್ಲಿದ್ದಾರೆ, ಅದು ಈಗ ಎಲ್ಲಿದೆ ಎಂಬುದು ಗೊತ್ತಾಗಬೇಕು.

ಹಾಗಾದರೆ "ಖಂಡಿತ ಆಗುತ್ತೆ" ಎಂಬ ಓದು ಬಂದದ್ದೆಲ್ಲಿಂದ? ಒಂದು ಕಾರಣ ವೇಟ್ ಅವರದೇ ಅರ್ಥಪಟ್ಟಿ. ನೇರವಾಗಿ ಬಿದ್ದರೆ ವಿಧಿ, ಭಾಗ್ಯ, ಯಶಸ್ಸು, ಏಳಿಗೆ ಎಂದು ಅವರು ಬರೆದಿಟ್ಟರು. ಕಾರ್ಡಿನ ಜೊತೆ ಬರುವ ಪುಟ್ಟ ಕೈಪಿಡಿಗಳು ಅದನ್ನೇ ಚಿಕ್ಕದು ಮಾಡಿ ಒಂದು ಪದಕ್ಕೆ ಇಳಿಸಿದವು. ತಮಾಷೆಯೆಂದರೆ, ತಲೆಕೆಳಗಾಗಿ ಬಿದ್ದದ್ದಕ್ಕೂ ಅವರು ಕೊಟ್ಟ ಅರ್ಥ ಹೆಚ್ಚಳ, ಸಮೃದ್ಧಿ, ಅತಿಯಾಗುವುದು. ತಲೆಕೆಳಗಾದರೆ ದುರದೃಷ್ಟ ಎಂದು ಹೆದರಿಸುವವರು ಆ ಸಾಲನ್ನು ಓದಿರಲಿಕ್ಕಿಲ್ಲ.

ಇನ್ನೊಂದು ಕಾರಣ ನಮ್ಮ ಕಡೆಯದು. ಇಂಗ್ಲೆಂಡಿನ ಗೂಢವಿದ್ಯೆಯ ಗೋಲ್ಡನ್ ಡಾನ್ ಪಂಥದವರು ಈ ಕಾರ್ಡಿಗೆ ಗುರುಗ್ರಹವನ್ನು ಹೊಂದಿಸಿದರು. ಅದು ಕಿವಿಗೆ ಬಿದ್ದೊಡನೆ ಕನ್ನಡದ ಮನೆಗಳಲ್ಲಿ "ಹಾಗಾದ್ರೆ ಗುರುಬಲ ಬಂತು, ಮದುವೆ ಆಗುತ್ತೆ" ಎಂಬ ಮಾತು ಹೊರಡುತ್ತದೆ. ಎರಡನ್ನೂ ಕಲಸಬಾರದು. ಗುರುಬಲ ಒಂದು ಲೆಕ್ಕ: ಜನ್ಮರಾಶಿಯಿಂದ 2, 5, 7, 9, 11ನೇ ಮನೆಗಳಲ್ಲಿ ಗುರು ಸಂಚರಿಸುವ ಕಾಲ. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ, ಪಂಚಾಂಗ ನೋಡಿ ತಾರೀಖು ಹೇಳಬಹುದು. ಶಫಲ್ ಮಾಡಿ ತೆಗೆದ ಕಾರ್ಡಿಗೆ ರಾಶಿಯೂ ಇಲ್ಲ, ತಾರೀಖೂ ಇಲ್ಲ. ಗುರುಬಲ ಬೇಕಾದವರನ್ನು ಜೋಯಿಸರ ಹತ್ತಿರ ಕಳಿಸುತ್ತೇನೆ.

ಇನ್ನು ಓದುವ ಕ್ರಮ. ಮೊದಲ ಸ್ಪ್ರೆಡ್‌ನಲ್ಲಿ, ಅಂದರೆ ಮೊದಲು ಹರಡಿದ ಕಾರ್ಡುಗಳಲ್ಲಿ, ಚಕ್ರ ಬಂದಿತೆಂದರೆ ಅಲ್ಲೇ ತೀರ್ಪು ಕೊಡದೆ, ಉಳಿದ ಕಾರ್ಡುಗಳನ್ನು ಪಕ್ಕಕ್ಕಿಟ್ಟು ಒಂದು ಹಾಳೆ, ಪೆನ್ನು ಕೊಡುತ್ತೇನೆ. ಈ ಸಂಬಂಧದಲ್ಲಿ ಮಾತು ನಿಂತ ತಿಂಗಳುಗಳು, ಮತ್ತೆ ಶುರುವಾದ ತಿಂಗಳುಗಳು, ಪ್ರತಿಸಲ ಮೊದಲು ಮೆಸೇಜ್ ಮಾಡಿದವರು ಯಾರು, ನಿಲ್ಲುವ ಮುಂಚಿನ ವಾರ ಏನು ನಡೆದಿತ್ತು, ಇಷ್ಟನ್ನು ಬರೆಯಬೇಕು. ಹತ್ತು ನಿಮಿಷ ಸಾಕು. ಫೋನಿನ ಚಾಟ್ ನೋಡಿಕೊಂಡು ಬರೆಯಲಿ, ನೆನಪಿನ ಮೇಲೆ ಬಿಡಬಾರದು. ಒಲವಿರುವವರ ನೆನಪು ಜಗಳದ ತಿಂಗಳುಗಳನ್ನು ನುಂಗಿಬಿಡುತ್ತದೆ.

ಆಮೇಲೆ ಚಕ್ರದ ಕಾರ್ಡನ್ನು ಮೇಜಿನ ನಡುವೆ ಇಟ್ಟು, ಉಳಿದ 77 ಕಾರ್ಡುಗಳನ್ನು ಕಲಸಿ ಐದು ತೆಗೆಯುತ್ತೇನೆ. ನಾಲ್ಕು ಚಕ್ರದ ಸುತ್ತ: ಏರು, ನೆತ್ತಿ, ಇಳಿತ, ತಳ. ಐದನೆಯದು ಚಕ್ರದ ಮೇಲೇ ಅಡ್ಡಲಾಗಿ, ಗುಂಬದ, ಅಂದರೆ ಚಕ್ರದ ನಡುಭಾಗದ, ಜಾಗಕ್ಕೆ. ಪ್ರತಿಸಲ ಏನು ಶುರುಮಾಡಿಸುತ್ತದೆ, ಚೆನ್ನಾಗಿರುವ ದಿನಗಳು ಹೇಗಿರುತ್ತವೆ, ಜಾರುವುದು ಯಾವುದರಿಂದ, ದೂರವಿದ್ದಾಗ ಏನು ಮಾಡುತ್ತೀರಿ ಎಂದು ಸುತ್ತಿನ ನಾಲ್ಕು ಕೇಳುತ್ತವೆ. ಸುತ್ತೆಲ್ಲ ತಿರುಗಿದರೂ ಗುಂಬ ಜಾಗ ಬಿಡುವುದಿಲ್ಲ, ಹಾಗಾಗಿ ಅಲ್ಲಿನ ಕಾರ್ಡು ಪ್ರತಿ ಸುತ್ತಿನಲ್ಲೂ ಬದಲಾಗದೆ ಉಳಿದದ್ದನ್ನು ಕೇಳುತ್ತದೆ.

ಒಂದು ಮಾದರಿ ಹಾಕಿ ನೋಡೋಣ. ಎರಡು ವರ್ಷದಲ್ಲಿ ಮೂರು ಸಲ ಬಿಟ್ಟು ಎರಡು ಸಲ ಸೇರಿದ ಜೋಡಿ, ಈಗ ಮೂರನೆಯ ಬಿರುಕು. ಕೇಳುವವರು ಹುಡುಗಿ. ಹಾಳೆಯಲ್ಲಿ ಬಂದದ್ದು: ಮೊದಲ ಅಂತರ ಐದು ತಿಂಗಳು, ಎರಡನೆಯದು ನಾಲ್ಕು. ಎರಡು ಸಲವೂ ಮೆಸೇಜ್ ಅವನದು, ಒಮ್ಮೆ ಅವಳ ಹುಟ್ಟುಹಬ್ಬಕ್ಕೆ, ಒಮ್ಮೆ ಯುಗಾದಿಗೆ. ಮೂರು ಸಲವೂ ಮುರಿದದ್ದು ಮನೆಯಲ್ಲಿ ಹೇಳುವ ಮಾತು ಬಂದ ವಾರ.

ಕಾರ್ಡುಗಳು ಹೀಗೆ ಬಿದ್ದವೆನ್ನಿ: ಏರಿಗೆ ಸಿಕ್ಸ್ ಆಫ್ ಕಪ್ಸ್, ನೆತ್ತಿಗೆ ಫೋರ್ ಆಫ್ ವಾಂಡ್ಸ್, ಇಳಿತಕ್ಕೆ ಟೆನ್ ಆಫ್ ಪೆಂಟಕಲ್ಸ್, ತಳಕ್ಕೆ ಫೈವ್ ಆಫ್ ಕಪ್ಸ್, ಗುಂಬಕ್ಕೆ ಟೂ ಆಫ್ ಸ್ವೋರ್ಡ್ಸ್.

ಸಿಕ್ಸ್ ಆಫ್ ಕಪ್ಸ್‌ನಲ್ಲಿ ಮಕ್ಕಳು, ಹೂ ತುಂಬಿದ ಬಟ್ಟಲುಗಳು. ಹಳೆಯ ನೆನಪಿನ ಕಾರ್ಡು. ಅಂದರೆ ಇವರು ಪ್ರತಿಸಲ ಸೇರುವುದು ನೆನಪಿನ ಬಲದ ಮೇಲೆ. ಹೊಸದಾಗಿ ಯಾವುದೂ ಇತ್ಯರ್ಥವಾಗಿಲ್ಲ. ಫೋರ್ ಆಫ್ ವಾಂಡ್ಸ್‌ನಲ್ಲಿ ಹೂಮಾಲೆಯ ಚಪ್ಪರ, ಸಂಭ್ರಮ: ಸೇರಿದ ಮೊದಲ ವಾರಗಳು ನಿಜಕ್ಕೂ ಸೊಗಸಾಗಿಯೇ ಇರುತ್ತವೆ, ಅದನ್ನು ಸುಳ್ಳೆನ್ನಬೇಕಾಗಿಲ್ಲ. ಟೆನ್ ಆಫ್ ಪೆಂಟಕಲ್ಸ್ ಸಾಮಾನ್ಯವಾಗಿ ಒಳ್ಳೆಯ ಕಾರ್ಡು. ಕಮಾನು, ಮುದುಕ, ನಾಯಿಗಳು, ಮಗು, ತುಂಬಿದ ಮನೆತನ. ಅದು ಇಳಿತದ ಜಾಗದಲ್ಲಿ ಬಿದ್ದರೆ ಜಾರುವುದು ಮನೆತನದ ಹತ್ತಿರ. ಹಾಳೆಯೂ ಅದನ್ನೇ ಹೇಳಿತ್ತು. ಕಾರ್ಡು ಎಷ್ಟು ಒಳ್ಳೆಯದು ಎಂಬುದಕ್ಕಿಂತ ಯಾವ ಜಾಗದಲ್ಲಿ ಬಿದ್ದಿದೆ ಎಂಬುದನ್ನು ಮೊದಲು ನೋಡಬೇಕು; ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ತಳದಲ್ಲಿ ಕಪ್ಪು ನಿಲುವಂಗಿ ಹೊದ್ದು ಚೆಲ್ಲಿದ ಮೂರು ಬಟ್ಟಲುಗಳನ್ನೇ ನೋಡುತ್ತಿರುವವರು, ಬೆನ್ನ ಹಿಂದೆ ನೆಟ್ಟಗೆ ನಿಂತ ಎರಡು. ಅಂತರದ ತಿಂಗಳುಗಳೆಲ್ಲ ಕೊರಗಿನಲ್ಲೇ ಕಳೆದಿವೆ. ಗುಂಬದಲ್ಲಿ ಕಣ್ಣು ಕಟ್ಟಿಕೊಂಡು ಎರಡು ಕತ್ತಿಗಳನ್ನು ಎದೆಗೆ ಅಡ್ಡ ಹಿಡಿದ ಹೆಣ್ಣು: ಮುಂದೂಡಿದ ತೀರ್ಮಾನ. ಮೂರು ಸುತ್ತಿನಲ್ಲೂ ಯಾರೂ ಮಾಡದೆ ಉಳಿದ ಕೆಲಸ ಅದೊಂದೇ.

ಈಗ ಅವಳಿಗೆ ಹೇಳುವುದು ಇಷ್ಟು: "ಹಿಂದೆ ಎರಡು ಸಲ ಹೀಗೇ ದೂರವಾಗಿ ಮತ್ತೆ ಸೇರಿದ್ದೀರಿ. ಇನ್ನೊಮ್ಮೆ ಮೆಸೇಜ್ ಬಂದರೆ ಆಶ್ಚರ್ಯವೇನಿಲ್ಲ, ಬಾರದೆಯೂ ಇರಬಹುದು. ಬಂದರೆ, ಮನೆಯಲ್ಲಿ ಯಾವಾಗ ಹೇಳೋದು ಎಂಬ ಮಾತನ್ನು ಮೊದಲ ವಾರವೇ ಎತ್ತಿ ನೋಡಿ, ಮೂರನೇ ತಿಂಗಳಿಗೆ ಬಿಡಬೇಡಿ." ಮೆಸೇಜ್ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಅದು ಇನ್ನೊಬ್ಬ ಮನುಷ್ಯನ ತೀರ್ಮಾನ, ನಾನು ಕಲಸಿದ ಕಾರ್ಡಿಗೆ ಅವನ ಮೇಲೆ ಹಿಡಿತವಿಲ್ಲ. ಇನ್ನೂ ಒಂದು ಗಮನಿಸಬೇಕು: ಅವನು ಬಂದರೂ ಅವಳ ಪ್ರಶ್ನೆ ತೀರುವುದಿಲ್ಲ. ಬರುವುದು ಚಕ್ರದ ಏರು ಮಾತ್ರ, ಹಿಂದೆ ಎರಡು ಸಲ ಆಗಿರುವಂಥದ್ದೇ.

ಕೆಡುವುದು ಎಲ್ಲಿ ಎಂದರೆ ಹೆಚ್ಚುವರಿ ಕಾರ್ಡು ತೆಗೆಯುವುದರಲ್ಲಿ. ಚಕ್ರ ಬಿತ್ತು, ಸ್ಪಷ್ಟವಾಗಲಿಲ್ಲ, ಇನ್ನೊಂದು ತೆಗೆಯೋಣ, ಮತ್ತೊಂದು ತೆಗೆಯೋಣ ಎಂದು ಲವರ್ಸೋ ಸನ್ನೋ ಬರುವವರೆಗೆ ನಡೆಯುತ್ತದೆ. ಲೆಕ್ಕ ನೋಡಿ. ಪ್ರೀತಿಗೆ ಎಲ್ಲರೂ ಶುಭ ಅನ್ನುವ ಆರು ಕಾರ್ಡು ಇಟ್ಟುಕೊಳ್ಳೋಣ: ಲವರ್ಸ್, ಸನ್, ಏಸ್ ಆಫ್ ಕಪ್ಸ್, ಟೂ ಆಫ್ ಕಪ್ಸ್, ಟೆನ್ ಆಫ್ ಕಪ್ಸ್, ಫೋರ್ ಆಫ್ ವಾಂಡ್ಸ್. ಮೊದಲ ಮೂರು ಕಾರ್ಡುಗಳಲ್ಲಿ ಇವು ಯಾವುವೂ ಬಂದಿಲ್ಲವೆಂದರೆ ಉಳಿದ 75ರಲ್ಲಿ ಆರೂ ಇವೆ. ಐದು ತೆಗೆದರೆ ಅವುಗಳಲ್ಲೊಂದು ಸಿಗುವ ಸಾಧ್ಯತೆ ಶೇಕಡ 35ರಷ್ಟು, ಹತ್ತು ತೆಗೆದರೆ ಶೇಕಡ 59ರಷ್ಟು. ಹಾಗೆ ಸಿಕ್ಕ "ಹೌದು" ನಮ್ಮ ಕೈಯ ಹಟದಿಂದ ಬಂದದ್ದು. ಅದಕ್ಕೇ ನನ್ನ ಮಿತಿ ಐದೇ ಕಾರ್ಡು, ಆರನೆಯದಿಲ್ಲ. ಅದೇ ಪ್ರಶ್ನೆಗೆ ಮೂರು ತಿಂಗಳು ಮತ್ತೆ ಓದುವುದೂ ಇಲ್ಲ.

"ದಿನಾ ಒಂದು ಕಾರ್ಡ್ ತೆಗೀತೀನಿ, ಈ ತಿಂಗಳು ಚಕ್ರ ಬಂತು, ಸೂಚನೆ ಅಲ್ವಾ?" ಎಂದೂ ಕೇಳುತ್ತಾರೆ. ಪ್ರತಿದಿನ 78ರಿಂದ ಒಂದು ತೆಗೆದರೆ ಮೂವತ್ತು ದಿನದಲ್ಲಿ ಒಮ್ಮೆಯಾದರೂ ಅದು ಕಾಣಿಸುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದು. ಅಷ್ಟೇನೂ ಅಪರೂಪವಲ್ಲ.

ತಲೆಕೆಳಗಾಗಿ ಬಿದ್ದರೆ ನಾನು ಓದುವುದು ಸಿಕ್ಕಿಹಾಕಿಕೊಂಡ ಚಕ್ರ ಎಂದು. ಹೆಚ್ಚಾಗಿ ತಳದ ಜಾಗದಲ್ಲೇ ನಿಂತವರಿಗೆ, ಹಳೆಯ ಚಾಟ್ ದಿನಾ ತೆಗೆದು ಓದುವವರಿಗೆ, ಈ ಓದು ಹೊಂದುತ್ತದೆ. ಹೊಂದದಿದ್ದರೆ ಒತ್ತಾಯಿಸುವುದಿಲ್ಲ.

ಈ ಐದು ಕಾರ್ಡಿನ ಕ್ರಮ ಎಲ್ಲರಿಗೂ ಆಗದು. ಈಗಷ್ಟೇ ಪರಿಚಯವಾದವರಿಗೆ, ಒಂಟಿಯಾಗಿದ್ದು "ಯಾವಾಗ ಸಿಗ್ತಾರೆ" ಎನ್ನುವವರಿಗೆ ಬರೆಯಲು ಸುತ್ತುಗಳೇ ಇಲ್ಲ. ಅಲ್ಲಿ ಹಿಂದಿನ ಎರಡು ಮೂರು ಸಂಬಂಧಗಳ ಶುರು, ಮುರಿತ ಬರೆಸುತ್ತೇನೆ. ಅವೂ ಇಲ್ಲದಿದ್ದರೆ "ಪರಿಸ್ಥಿತಿ ಬದಲಾಗುತ್ತಿದೆ, ಎತ್ತ ಎಂದು ಈ ಕಾರ್ಡು ಹೇಳುವುದಿಲ್ಲ" ಎಂದಷ್ಟೇ ಹೇಳಿ ಪಕ್ಕದ ಕಾರ್ಡಿಗೆ ಹೋಗುತ್ತೇನೆ.

ಹಾಳೆಯಲ್ಲಿ ಹೊಡೆತ, ಆಮೇಲೆ ಕ್ಷಮೆ, ಉಡುಗೊರೆ, ಕೆಲವು ವಾರ ನೆಮ್ಮದಿ, ಮತ್ತೆ ಹೊಡೆತ ಎಂದು ಕಂಡರೆ ಕಾರ್ಡುಗಳನ್ನು ಅಲ್ಲಿಗೇ ಮಡಚುತ್ತೇನೆ. ಆ ಸುತ್ತಿಗೆ ವಿಧಿ, ಋಣಾನುಬಂಧ ಎಂದೆಲ್ಲ ಹೆಸರಿಟ್ಟರೆ ಅವರು ಇನ್ನೊಂದು ಸುತ್ತು ಕಾಯುತ್ತಾರೆ. ಹೆಣ್ಣುಮಕ್ಕಳಾದರೆ ಮಹಿಳಾ ಸಹಾಯವಾಣಿಯ 181 ನಂಬರನ್ನು ಅದೇ ಹಾಳೆಯ ಹಿಂದೆ ಬರೆದುಕೊಡುತ್ತೇನೆ.