ಪಟ್ಟಿ ಬಿಟ್ಟು ಓಟು ಎಣಿಸಿದೆ: ಫಿನಾಮಿನಾ, ಕ್ರೈಟೀರಿಯಾ ಕಲಿಸಿದ ನನ್ನ ಅನುಭವ

ಗೋಣಿಕೊಪ್ಪದಲ್ಲಿ ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ನಂಬರ್, ಅಂದರೆ ಏಕವಚನ ಬಹುವಚನದ ಪ್ರಶ್ನೆಗಳಿಗೆ ಮೊದಲು ಎಲ್ಲರ ಹಾಗೆ ಪಟ್ಟಿಯನ್ನೇ ಕೊಡುತ್ತಿದ್ದೆ. ಎಡಕ್ಕೆ ಏಕವಚನ, ಬಲಕ್ಕೆ ಬಹುವಚನ, ಹತ್ತಿರ ಹತ್ತಿರ ನೂರು ಪದ. ಜೆರಾಕ್ಸು, ಗೋಡೆಗೊಂದು ಫ್ಲೆಕ್ಸು ಸೇರಿ ಎರಡು ಸಾವಿರ ಹೋಯಿತು. ಮಳೆಗಾಲದಲ್ಲಿ ಫ್ಲೆಕ್ಸಿಗೆ ಬೂಷ್ಟು ಬಂತು. ಹುಡುಗರು ಪಟ್ಟಿ ಗಿಣಿಪಾಠ ಒಪ್ಪಿಸುತ್ತಿದ್ದರು, ವಾಕ್ಯದೊಳಗೆ ಅದೇ ಪದ ಬಂದರೆ ತಪ್ಪು ಕಾಣುತ್ತಿರಲಿಲ್ಲ. ಕೊನೆಗೆ 'ಎಸ್' ಇಲ್ಲದ ಪದವನ್ನು ಅವರ ಕಣ್ಣು ಒಂದು ಅಂತಲೇ ಓದುತ್ತಿತ್ತು.

ಈಗ ಓಟು ಎಣಿಸುತ್ತೇವೆ. 'ದಿಸ್ ಫಿನಾಮಿನಾ ಹ್ಯಾಸ್ ಬೀನ್ ಅಬ್ಸರ್ವ್ಡ್' ಅಂತಿದೆ ಅನ್ನಿ. ಹಿಂದಿನ ಪದ ದಿಸ್, ಕ್ರಿಯಾಪದ ಹ್ಯಾಸ್, ಇವೆರಡೂ ಏಕವಚನದ ಕಡೆ. ಫಿನಾಮಿನಾ ಒಂದೇ ಬಹುವಚನ, ಸೋತಿತು. ಅಲ್ಲಿ ಫಿನಾಮಿನನ್ ಬೇಕು. 'ದೀಸ್ ಫಿನಾಮಿನಾ ಹ್ಯಾಸ್' ಅಂತಿದ್ದರೆ ಸೋಲುವುದು ಹ್ಯಾಸ್, ಅದು ಹ್ಯಾವ್ ಆಗಬೇಕು.

ಹಿಂದೆ 'ದಿ' ಇದ್ದರೆ ತೊಂದರೆ, ಅದು ಯಾರ ಕಡೆಗೂ ಓಟು ಹಾಕಲ್ಲ, ಓಟು ಸಮವಾಗಿ ಟೈ ಆಗುತ್ತದೆ. 'ದಿ ಮೇನ್ ಕ್ರೈಟೀರಿಯಾ ಈಸ್ ಏಜ್' ವಾಕ್ಯದಲ್ಲಿ ಮುಂದೆ ಹೇಳಿರುವುದು ವಯಸ್ಸು ಒಂದನ್ನೇ, ಹಾಗಾಗಿ ಕ್ರೈಟೀರಿಯನ್ ಸರಿ. ಆದರೆ 'ಒನ್ ಆಫ್ ದಿ ಕ್ರೈಟೀರಿಯಾ ಈಸ್' ಅನ್ನುವುದರಲ್ಲಿ ತಪ್ಪೇ ಇಲ್ಲ. ಕ್ರಿಯಾಪದ ಒನ್ ಜೊತೆ ಹೋಗುತ್ತದೆ, ಕ್ರೈಟೀರಿಯಾ ಬಹುವಚನವಾಗಿಯೇ ಇರಬೇಕು. ಜಾಸ್ತಿ ಜನ ಬೀಳುವುದು ಇಲ್ಲೇ. ಟೈ ಬಿಡಿಸಲು ನನ್ನ ಹತ್ತಿರ ಇನ್ನೊಂದು ದಾರಿ ಇದೆ, ಅದನ್ನು ಇಲ್ಲಿ ಬರೆಯಲ್ಲ. ನನ್ನ ಬ್ಯಾಚೂ ತುಂಬಬೇಕಲ್ವಾ!

ವಿರಾಜಪೇಟೆಯಲ್ಲಿ ಪಾಠ ಮಾಡುವ ಗೆಳೆಯರೊಬ್ಬರು, "ಬಾಯಿಪಾಠ ಇಲ್ಲದೆ ಆಗುತ್ತೇನ್ರೀ?" ಅಂತ ನಕ್ಕಿದ್ದರು. ಕಾಫಿ ಕೊಯ್ಲಿಗೆ ಹೋಗಿ ವಾರಗಟ್ಟಲೆ ತಪ್ಪಿಸಿಕೊಂಡವರೂ ಈ ಸಲದ ಮಾದರಿ ಪರೀಕ್ಷೆಯಲ್ಲಿ ಹತ್ತಕ್ಕೆ ಏಳೆಂಟು ಸರಿ ಮಾಡಿದರು. ಈಗ ಆ ಗೆಳೆಯರೇ ನನ್ನ ಹಾಳೆ ಕೇಳುತ್ತಿದ್ದಾರೆ.

ಬಾಯಿಪಾಠ ಪೂರ್ತಿ ತಪ್ಪಲ್ಲ ಬಿಡಿ. ಕ್ರೈಟೀರಿಯಾ, ಫಿನಾಮಿನಾ, ಬ್ಯಾಕ್ಟೀರಿಯಾ, ಸ್ಟ್ರಾಟಾ ಬಹುವಚನ ಅಂತ ಗೊತ್ತಿಲ್ಲದಿದ್ದರೆ ಓಟು ಎಣಿಸುವುದು ಹೇಗೆ? ಅಷ್ಟು ಸಾಕು. ಅಜೆಂಡಾ ಇಂಗ್ಲಿಷಿನಲ್ಲಿ ಏಕವಚನವೇ ಆಗಿಬಿಟ್ಟಿದೆ, ಬಹುವಚನ ಅಜೆಂಡಾಸ್. ಡೇಟಾ ಎರಡೂ ಕಡೆ ನಡೆಯುತ್ತದೆ, ಅದಿರುವ ವಾಕ್ಯದಲ್ಲಿ ಮೊದಲು ಬೇರೆ ತಪ್ಪು ಹುಡುಕಿ. 'ಆನ್' ಅಂತ ಮುಗಿಯುವ ಪದಗಳನ್ನೆಲ್ಲ ಒಂದೇ ಗುಂಪು ಮಾಡಿ ಇಸ್ಪೀಟಿನಂಥ ಕಾರ್ಡ್ ಆಟವನ್ನೂ ಆಡಿಸಿ ನೋಡಿದೆ. ಮಾರನೇ ದಿನ ಒಬ್ಬ 'ಎಲೆಕ್ಟ್ರಾ' ಅಂತ ಬರೆದ. ಎಲೆಕ್ಟ್ರಾನಿಗೆ ಸುಮ್ನೆ ಎಸ್ ಸಾಕು. ಕಾರ್ಡಿಗೆ ಹಾಕಿದ ನೂರೈವತ್ತು ದಂಡ.

ಸನ್ಸ್-ಇನ್-ಲಾ ವಿಷಯಕ್ಕೆ ಒಂದೇ ಪ್ರಶ್ನೆ ಕೇಳಿಸುತ್ತೇನೆ: ಮನೆಗೆ ಬಂದವರು ಯಾರು? ಸನ್, ಲಾ ಅಲ್ಲ. ಎಸ್ ಅಲ್ಲಿಗೇ. ಪಾಸರ್ಸ್-ಬೈ ಕೂಡ ಹಾಗೇ. ಅಳಿಯನ ಕಾರು ಅಂದಾಗ ಮಾತ್ರ ಅಪಾಸ್ಟ್ರಫಿ ಎಸ್ ಕೊನೆಯ ಲಾ ಮೇಲೆ ಬರುತ್ತದೆ. ಆಯ್ಕೆಗಳಲ್ಲಿ ಇವೆರಡನ್ನೂ ಅಕ್ಕಪಕ್ಕ ಇಟ್ಟರೆ ಆ ಅಪಾಸ್ಟ್ರಫಿ ಇದೆಯಾ ಅಂತ ಮೊದಲು ನೋಡಿ.