ಹಬ್ಬ ಬಂತು, ಪಾರ್ಸೆಲ್ ಹೋಗಿಲ್ಲ: ಗ್ರಾಹಕರಲ್ಲಿ ಕ್ಷಮೆ ಕೇಳುವುದು ಹೇಗೆ?

ವರಮಹಾಲಕ್ಷ್ಮಿ ಹಬ್ಬಕ್ಕೆಂದು ತರಿಸಿದ ಅಮ್ಮನವರ ಮುಖ ಶನಿವಾರ ಮನೆಗೆ ಬಂದರೆ ಅದನ್ನಿಟ್ಟುಕೊಂಡು ಏನು ಮಾಡುವುದು? ಪೂಜೆ ಶುಕ್ರವಾರ ಬೆಳಿಗ್ಗೆಯೇ ಮುಗಿದಿರುತ್ತದೆ. ಸಣ್ಣ ಆನ್‌ಲೈನ್ ಅಂಗಡಿಗಳಿಗೆ ಗ್ರಾಹಕರ ಪತ್ರ, ಪೋಸ್ಟುಗಳನ್ನು ಬರೆದುಕೊಡುವುದು ನನ್ನ ಕೆಲಸ. ಪ್ರತಿ ಶ್ರಾವಣದಲ್ಲೂ ಒಂದೇ ತಪ್ಪು ನೋಡುತ್ತೇನೆ. ತಡವಾಗಿದೆ ಎಂದು ಗೊತ್ತಾದ ಕೂಡಲೇ ಗಾಬರಿಯಿಂದ ‘ಅನಿವಾರ್ಯ ಕಾರಣಗಳಿಂದ ವಿಳಂಬವಾಗಿದೆ, ಶೀಘ್ರದಲ್ಲೇ ತಲುಪಲಿದೆ, ಸಹಕರಿಸಿ’ ಎಂದು ಹಾಕಿಬಿಡುತ್ತಾರೆ. ಓದಿದವರಿಗೆ ತಿಳಿಯಬೇಕಾದದ್ದು ಒಂದೇ: ಗುರುವಾರದೊಳಗೆ ಬರುತ್ತದೋ, ನಾನು ಪೇಟೆಗೆ ಹೋಗಿ ಬೇರೆ ಕೊಳ್ಳಲೋ? ಅದಕ್ಕೆ ಆ ಪೋಸ್ಟಿನಲ್ಲಿ ಉತ್ತರ ಇರುವುದಿಲ್ಲ.

ಮೊದಲ ಹೆಜ್ಜೆ: ಹೊಸ ಆರ್ಡರ್ ನಿಲ್ಲಿಸಿ

ಸಾಮಾನಿನ ಪುಟದಲ್ಲಿ ‘ಈಗ ಕೊಂಡರೆ ಹಬ್ಬದ ನಂತರವೇ ತಲುಪುತ್ತದೆ’ ಎಂದು ಬರೆದುಬಿಡಿ. ಒಂದು ಕಡೆ ಕ್ಷಮೆ, ಇನ್ನೊಂದು ಕಡೆ ಹಬ್ಬದ ಆಫರ್ ಕಂಡರೆ ಕ್ಷಮೆಯನ್ನು ಯಾರೂ ನಂಬುವುದಿಲ್ಲ.

ಎರಡನೇ ಹೆಜ್ಜೆ: ತಾರೀಕಿನ ಲೆಕ್ಕ

ಬಹಳ ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಮಾಡಿ. ಬೆಂಗಳೂರಿನ ಒಂದು ಪೂಜಾ ಸಾಮಗ್ರಿಯ ಅಂಗಡಿ ಎಂದುಕೊಳ್ಳೋಣ. 2025ರಲ್ಲಿ ಹಬ್ಬ ಆಗಸ್ಟ್ 8ರ ಶುಕ್ರವಾರ ಬಂದಿತ್ತು. ಇವತ್ತು ಶನಿವಾರ, ಆಗಸ್ಟ್ 2. ಕಟ್ಟದೇ ಉಳಿದ ಆರ್ಡರ್ 300. ದಿನಕ್ಕೆ ಕಟ್ಟಬಲ್ಲದ್ದು 60. ಭಾನುವಾರ ಪ್ಯಾಕಿಂಗ್ ಮಾಡಬಹುದು, ಆದರೆ ಇವರ ಕೊರಿಯರ್‌ನವರು ಪಿಕಪ್‌ಗೆ ಬರುವುದಿಲ್ಲ.

ಆರ್ಡರುಗಳನ್ನು ಬಂದ ಸರದಿಯಲ್ಲಿ ಅಲ್ಲ, ಹೋಗಬೇಕಾದ ಊರಿನ ಪ್ರಕಾರ ವಿಂಗಡಿಸಿ. ಬೆಂಗಳೂರಿಗೆ 110, ಬೇರೆ ಜಿಲ್ಲೆಗಳಿಗೆ 130, ಹೊರರಾಜ್ಯಕ್ಕೆ 60 ಎಂದಿಟ್ಟುಕೊಳ್ಳಿ. ಆಮೇಲೆ ಪ್ರತಿ ಗುಂಪಿಗೆ ಎಷ್ಟು ದಿನ ಹಿಡಿಯುತ್ತದೆ ನೋಡಿ. ಕೊರಿಯರ್ ವೆಬ್‌ಸೈಟಿನಲ್ಲಿ ಬರೆದ ದಿನಗಳನ್ನು ದಯವಿಟ್ಟು ನಂಬಬೇಡಿ, ಅದು ಜನಸಂದಣಿಯಿಲ್ಲದ ವಾರದ ಲೆಕ್ಕ. ಕಳೆದ ವಾರ ನೀವೇ ಕಳಿಸಿದ ಹತ್ತು ಪಾರ್ಸೆಲ್‌ಗಳ ಟ್ರ್ಯಾಕಿಂಗ್ ತೆಗೆದು, ನಿಜವಾಗಿ ಎಷ್ಟು ದಿನವಾಯಿತು ಎಂದು ಎಣಿಸಿ. ಜಿಲ್ಲೆಗಳಿಗೆ ಮೂರು ದಿನ, ಹೊರರಾಜ್ಯಕ್ಕೆ ಆರು ದಿನ ಬಂತು ಅನ್ನಿ.

ಈಗ ಗುರುವಾರ ಸಂಜೆಯಿಂದ ಹಿಂದಕ್ಕೆ ಎಣಿಸಿ. ಜಿಲ್ಲೆಗಳ ಪಾರ್ಸೆಲ್ ಸೋಮವಾರ ಸಂಜೆಯೊಳಗೆ ಹೊರಡಲೇಬೇಕು. ಶನಿವಾರದಿಂದ ಸೋಮವಾರದವರೆಗೆ 180 ಕಟ್ಟಬಹುದು, ಆದ್ದರಿಂದ 130ಕ್ಕೆ ಜಾಗವಿದೆ. ಬೀದರ್, ಕಲಬುರಗಿ, ಕಾರವಾರದಂಥ ದೂರದ ಊರುಗಳದ್ದು ಇವತ್ತೇ ಹೋಗಲಿ. ಸೋಮವಾರ ಉಳಿದ 50ರ ಜಾಗ, ಮಂಗಳವಾರದ 60, ಎರಡೂ ಸೇರಿ ಬೆಂಗಳೂರಿನ 110 ಮುಗಿಯಿತು. ಅವನ್ನು ಬುಧವಾರ, ಗುರುವಾರ ಬೈಕಿನಲ್ಲಿ ಮನೆಗೇ ತಲುಪಿಸಬಹುದು. ಹೊರರಾಜ್ಯದ 60 ಮಾತ್ರ ಈ ಸಂಜೆಯೇ ಹೊರಟರೂ ಪೂಜೆಗೆ ಸಿಗುವುದಿಲ್ಲ. ಅವರಿಗೆ ಅದನ್ನು ಇವತ್ತೇ ಹೇಳಬೇಕು. ಸರದಿಯಲ್ಲೇ ಕಟ್ಟುತ್ತ ಹೋಗಿದ್ದರೆ, ಹೇಗೂ ಸಮಯಕ್ಕೆ ತಲುಪದ ಪಾರ್ಸೆಲ್‌ಗಳನ್ನು ಮೊದಲು ಕಟ್ಟಿ, ತಲುಪಬಹುದಾಗಿದ್ದ ಹಾಸನದ್ದನ್ನೋ ದಾವಣಗೆರೆಯದ್ದನ್ನೋ ಮಂಗಳವಾರಕ್ಕೆ ತಳ್ಳುತ್ತಿದ್ದಿರಿ.

ಒಂದು ಅಡ್ಡದಾರಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಸಾಮಾನು ಕಟ್ಟುವ ಮೊದಲೇ ಲೇಬಲ್ ಮಾಡಿ, ಟ್ರ್ಯಾಕಿಂಗ್ ನಂಬರ್ ಕಳಿಸಿ ‘ನಿಮ್ಮ ಆರ್ಡರ್ ಹೊರಟಿದೆ’ ಎನ್ನುವವರಿದ್ದಾರೆ. ಗ್ರಾಹಕರು ಅದನ್ನು ತೆರೆದರೆ ಪಿಕಪ್ ಆಗಿಲ್ಲ ಎಂದೇ ಮೂರು ದಿನ ತೋರಿಸುತ್ತದೆ. ತಡವಾದದ್ದಕ್ಕೆ ಸುಮ್ಮನಿದ್ದವರೂ ಈ ಸುಳ್ಳಿಗೆ ಸಿಟ್ಟಾಗುತ್ತಾರೆ. ಕೊರಿಯರ್‌ನವರು ಸ್ಕ್ಯಾನ್ ಮಾಡಿದ ಮೇಲೆಯೇ ‘ಹೊರಟಿದೆ’ ಎನ್ನಿ.

ಮೂರನೇ ಹೆಜ್ಜೆ: ಬರೆಯುವುದು

ಲೆಕ್ಕ ಸರಿಯಾಗಿದ್ದರೆ ಬರಹ ಹತ್ತು ನಿಮಿಷದ ಕೆಲಸ. ಮೇಲಿನ ಅಂಗಡಿಗೆ ನಾನಾದರೆ ಹೀಗೆ ಬರೆಯುತ್ತೇನೆ:

> ಆಗಸ್ಟ್ 1ರವರೆಗೆ ಬಂದ ಆರ್ಡರುಗಳಲ್ಲಿ 300 ಇನ್ನೂ ನಮ್ಮ ಅಂಗಡಿಯಲ್ಲೇ ಇವೆ. ದಿನಕ್ಕೆ 60 ಪಾರ್ಸೆಲ್ ಮಾತ್ರ ಕಟ್ಟಬಲ್ಲ ನಾವು ಅದಕ್ಕಿಂತ ಹೆಚ್ಚು ಆರ್ಡರ್ ತೆಗೆದುಕೊಂಡೆವು. ತಪ್ಪು ನಮ್ಮದು, ಕ್ಷಮಿಸಿ.
>
> ಬೆಂಗಳೂರಿನವರಿಗೆ ಬುಧವಾರ ಅಥವಾ ಗುರುವಾರ ನಮ್ಮ ಹುಡುಗರೇ ತಂದುಕೊಡುತ್ತಾರೆ. ಬೇರೆ ಜಿಲ್ಲೆಯವರ ಪಾರ್ಸೆಲ್ ಸೋಮವಾರ ಸಂಜೆಯೊಳಗೆ ಹೊರಡುತ್ತದೆ, ಗುರುವಾರ ಸಂಜೆಗೆ ತಲುಪಬೇಕು. ಬುಧವಾರ ರಾತ್ರಿ 8ಕ್ಕೆ ಅದು ನಿಮ್ಮ ಊರು ಮುಟ್ಟದಿದ್ದರೆ ನಾವೇ ಫೋನ್ ಮಾಡುತ್ತೇವೆ. ಹೊರರಾಜ್ಯದವರಿಗೆ ಹಬ್ಬದೊಳಗೆ ತಲುಪಿಸಲು ನಮ್ಮಿಂದ ಆಗುವುದಿಲ್ಲ.
>
> ಹಣ ವಾಪಸ್ ಬೇಕಿದ್ದವರು ಆರ್ಡರ್ ನಂಬರ್ ಜೊತೆ ‘ವಾಪಸ್’ ಎಂದು ನಮ್ಮ ವಾಟ್ಸಾಪ್‌ಗೆ ಕಳಿಸಿ. ಅದೇ ದಿನ ಮರಳಿಸುತ್ತೇವೆ. ಹಬ್ಬದ ನಂತರ ಬಂದರೂ ಸರಿ ಎನ್ನುವವರು ‘ಕಳಿಸಿ’ ಎಂದು ಬರೆಯಿರಿ. ಹೊರರಾಜ್ಯದವರು ಸೋಮವಾರದೊಳಗೆ ಏನೂ ತಿಳಿಸದಿದ್ದರೆ ಹಣ ಮರಳಿಸುತ್ತೇವೆ.

ಕೊನೆಯ ಸಾಲನ್ನು ಬಿಡಬೇಡಿ. ಉತ್ತರ ಕೊಡದವರ ಗತಿ ಏನೆಂದು ಮೊದಲೇ ಹೇಳದಿದ್ದರೆ ಜಗಳ ಶುರುವಾಗುವುದು ಅಲ್ಲಿಂದಲೇ. ಕೊರಿಯರ್‌ನವರ ಮೇಲೆ ಹಾಕಿ ಬರೆಯುವುದನ್ನೂ ನಾನು ಒಪ್ಪುವುದಿಲ್ಲ. ಗ್ರಾಹಕರು ದುಡ್ಡು ಕೊಟ್ಟಿದ್ದು ನಿಮಗೆ. ಹಣದ ಬದಲು ಕೂಪನ್ ಕೊಡುವುದಂತೂ ಬೇಡವೇ ಬೇಡ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಹೇಳಿದ ಅವಧಿಗಿಂತ ತಡವಾಗಿ ತಲುಪಿದ ಸಾಮಾನನ್ನು ವಾಪಸ್ ಪಡೆಯಲು, ಕೊಟ್ಟ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಪ್ರಕೃತಿ ವಿಕೋಪದಂತಹ, ನಮ್ಮ ಕೈಮೀರಿದ ಕಾರಣವಿದ್ದರೆ ವಿನಾಯಿತಿ ಉಂಟು. ಪ್ರತಿ ವರ್ಷ ಬರುವ ಹಬ್ಬದ ನೂಕುನುಗ್ಗಲನ್ನು ಅದಕ್ಕೆ ಸೇರಿಸಿ ವಾದಿಸಲು ಹೋಗಬೇಡಿ.

ನಾಲ್ಕನೇ ಹೆಜ್ಜೆ: ಹಾಕುವುದು

ಪುಟದ ಮೇಲ್ಭಾಗದಲ್ಲಿ ಪಿನ್ ಮಾಡಿ, ಅದೇ ಬರಹವನ್ನು 300 ಮಂದಿಗೂ ನೇರವಾಗಿ ಕಳಿಸಿ.

ಐದನೇ ಹೆಜ್ಜೆ: ಪೋಸ್ಟ್ ಹಾಕಿದ ಮೇಲಿನ ಕೆಲಸ

ಇಂಥ ಪೋಸ್ಟಿನ ಕೆಳಗೆ ವಂಚಕರು ಕಾದಿರುತ್ತಾರೆ. ಗ್ರಾಹಕರು ಕಾಮೆಂಟಿನಲ್ಲಿ ಆರ್ಡರ್ ನಂಬರ್, ಫೋನ್ ನಂಬರ್ ಬರೆದರೆ ಸಾಕು, ಅಂಗಡಿಯವರ ಹೆಸರಿನಲ್ಲಿ ಕರೆ ಮಾಡಿ ‘ರೀಫಂಡ್‌ಗೆ ಯುಪಿಐ ಪಿನ್ ಒತ್ತಿ’ ಎನ್ನುತ್ತಾರೆ. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ, ಪಿನ್ ಒತ್ತಿದರೆ ನಿಮ್ಮ ಖಾತೆಯಿಂದಲೇ ಹಣ ಹೋಗುತ್ತದೆ. ಇದನ್ನು ಮೊದಲ ಕಾಮೆಂಟಾಗಿ ನೀವೇ ಬರೆಯಿರಿ, ನಂಬರ್ ಬರೆದವರ ಕಾಮೆಂಟನ್ನು ಮರೆಮಾಡಿ.

ಮನೆಗೆ ಬಂದಾಗ ದುಡ್ಡು ಕೊಡುವ ಆರ್ಡರುಗಳಿಗೆ ಮೊದಲು ಫೋನ್ ಮಾಡಿ, ‘ಅಮ್ಮ, ಗುರುವಾರ ಸಂಜೆ ಬಂದರೆ ತಗೋತೀರಾ?’ ಎಂದು ಕೇಳಿ. ಬೇಡ ಎನ್ನುವವರದ್ದನ್ನು ಕಟ್ಟಬೇಡಿ. ಕೇಳದೆ ಕಳಿಸಿದರೆ ಅವರು ಬಾಗಿಲಲ್ಲೇ ಹಿಂದಿರುಗಿಸುತ್ತಾರೆ, ಹೋಗಿಬರುವ ಎರಡೂ ಕಡೆಯ ಕೊರಿಯರ್ ಖರ್ಚು ನಿಮ್ಮ ತಲೆಗೆ ಬರುತ್ತದೆ. ಅಷ್ಟೇ ಅಲ್ಲ, ಆ ಸಮಯದಲ್ಲಿ ಬೇರೆ ಯಾರದ್ದೋ ಪಾರ್ಸೆಲ್ ಕಟ್ಟಬಹುದಿತ್ತು.

ಹಣ ಮರಳಿಸಿದ ಮೇಲೆ ‘ಆಗಿದೆ, ನೋಡಿ’ ಎಂದರೆ ಸಾಲದು. ಯುಪಿಐ ಆದರೆ ಹನ್ನೆರಡು ಅಂಕಿಯ ವ್ಯವಹಾರ ಸಂಖ್ಯೆಯನ್ನು ಕಳಿಸಿ, ಬ್ಯಾಂಕಿನಲ್ಲಿ ವಿಚಾರಿಸಲು ಅವರಿಗೆ ಅದು ಬೇಕು. ಕಾರ್ಡಿಗೆ ಹೋಗುವ ಹಣ ಕೆಲವು ದಿನ ತಡೆಯುತ್ತದೆ ಎಂದೂ ಮೊದಲೇ ತಿಳಿಸಿ.

ಬುಧವಾರ ರಾತ್ರಿ 8ಕ್ಕೆ ಕರೆ ಮಾಡುತ್ತೇವೆ ಎಂದಿರಲ್ಲ, ಆ ಹೊತ್ತಿಗೆ ಟ್ರ್ಯಾಕಿಂಗ್ ಪಟ್ಟಿ ತೆರೆದು ಕುಳಿತುಕೊಳ್ಳಿ. ಊರು ಮುಟ್ಟದ ಪಾರ್ಸೆಲ್ ನಾಲ್ಕಿರಲಿ, ಹದಿನೈದಿರಲಿ, ಅಷ್ಟೂ ಜನಕ್ಕೆ ಆ ರಾತ್ರಿಯೇ ಹೇಳಿದರೆ ಗುರುವಾರ ಇಡೀ ದಿನ ಪೇಟೆ ತೆರೆದಿರುತ್ತದೆ, ಅವರು ಅಲ್ಲೇ ಅಮ್ಮನವರ ಮುಖ ಕೊಂಡುಕೊಳ್ಳಬಹುದು.